ಫರ್ನೇಸ್ ಹತ್ತಿದ ಕೂಡಲೇ ಆರಿಹೋಗುತ್ತಾ? ಫ್ಲೇಮ್ ಸೆನ್ಸರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಿನ್ನೆಸೋಟಾದಲ್ಲಿ ಹೀಟಿಂಗ್ ರಿಪೇರಿ ಕೆಲಸ ಮಾಡುತ್ತೇನೆ. ನವೆಂಬರ್ ಬಂತೆಂದರೆ ಇಲ್ಲಿನ ಕನ್ನಡದವರ ಮನೆಗಳಿಂದ ಫೋನು ಶುರುವಾಗುತ್ತದೆ. ಬೆಂಗಳೂರು, ಹಾಸನ, ಹುಬ್ಬಳ್ಳಿಯಿಂದ ಬಂದು ಮೊದಲ ಮನೆ ಕೊಂಡವರಿಗೆ ಬೇಸ್‌ಮೆಂಟಿನಲ್ಲಿರುವ, ಗ್ಯಾಸ್ ಉರಿಸಿ ಮನೆ ಬಿಸಿ ಮಾಡುವ ಫರ್ನೇಸ್ ಎಂಬ ಆ ಎತ್ತರದ ತಗಡಿನ ಪೆಟ್ಟಿಗೆಯ ಬಾಗಿಲು ತೆಗೆಯುವುದಕ್ಕೇ ಭಯ. ಅವರು ಫೋನಿನಲ್ಲಿ, ಪತ್ರದಲ್ಲಿ, ಊಟಕ್ಕೆ ಸೇರಿದಾಗ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಮೊದಲು ತಿಳಿಯಬೇಕಾದ್ದು

ಬರ್ನರ್ ಹತ್ಕೊಳ್ಳುತ್ತೆ, ನಾಲ್ಕೈದು ಸೆಕೆಂಡಲ್ಲಿ ಆರಿಹೋಗುತ್ತೆ. ಮತ್ತೆ ಹತ್ತುತ್ತೆ, ಮತ್ತೆ ಆರುತ್ತೆ. ಏನಾಗಿದೆ ಇದಕ್ಕೆ?

ಹೆಚ್ಚಿನ ಮನೆಗಳಲ್ಲಿ ಇದಕ್ಕೆ ಕಾರಣ ಫ್ಲೇಮ್ ಸೆನ್ಸರ್ ಎನ್ನುವ ಒಂದು ಸಣ್ಣ ಲೋಹದ ಕಡ್ಡಿ. ಅದರ ಮೇಲೆ ತೆಳುವಾಗಿ ಕೊಳೆ ಕೂತಿರುತ್ತದೆ, ಅಷ್ಟೇ.

ಬೆಂಕಿ ಹತ್ತಿದ್ದು ನಿಮ್ಮ ಕಣ್ಣಿಗೆ ಕಾಣುತ್ತಿದೆ. ಆದರೆ ಫರ್ನೇಸಿನ ಕಂಟ್ರೋಲ್ ಬೋರ್ಡಿಗೆ ಕಣ್ಣಿಲ್ಲ. ಆ ಕಡ್ಡಿ ಬೆಂಕಿಯೊಳಗೆ ನಿಂತು 'ಉರಿಯುತ್ತಿದೆ' ಎಂದು ಸುದ್ದಿ ಕಳಿಸಿದರೆ ಮಾತ್ರ ಬೋರ್ಡು ನಂಬುತ್ತದೆ. ಕೆಲವು ಸೆಕೆಂಡಿನಲ್ಲಿ ಸುದ್ದಿ ಬಾರದಿದ್ದರೆ, ಗ್ಯಾಸ್ ಉರಿಯದೆ ಸುಮ್ನೆ ಹೊರಗೆ ಬರುತ್ತಿದೆ ಎಂದುಕೊಂಡು ವಾಲ್ವ್ ಮುಚ್ಚಿಬಿಡುತ್ತದೆ. ಅಂದರೆ ಬೋರ್ಡು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಸುದ್ದಿ ಮುಟ್ಟುತ್ತಿಲ್ಲ. ಕಡ್ಡಿ ಸ್ವಚ್ಛವಾದರೆ ಸುದ್ದಿ ಮುಟ್ಟುತ್ತದೆ, ಬೆಂಕಿ ಆರದೆ ಉಳಿಯುತ್ತದೆ.

ಒಳಗೆ ಏನೇನು ನಡೆಯುತ್ತೆ? ನಮಗೆ ಊರಲ್ಲಿ ಇದನ್ನ ನೋಡೇ ಗೊತ್ತಿಲ್ಲ.

ಒಂದು ಸಲ ಫರ್ನೇಸಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂತು ನೋಡಿ. ಬರ್ನರ್ ಕಡೆಯ ಬಾಗಿಲಲ್ಲಿ ಅಥವಾ ಅದರ ಹಿಂದೆ ಸಣ್ಣ ಗಾಜಿನ ಕಿಂಡಿ ಇರುತ್ತದೆ. ಥರ್ಮೋಸ್ಟಾಟನ್ನು ಎರಡು ಮೂರು ಡಿಗ್ರಿ ಮೇಲೆ ಇಡಿ.

ಮೊದಲು ಒಂದು ಚಿಕ್ಕ ಫ್ಯಾನ್ ಗುಂಯ್ ಎಂದು ತಿರುಗುತ್ತದೆ. ಅದು ಇಂಡ್ಯೂಸರ್. ಹೊಗೆಯನ್ನು ಹೊರಗೆ ತಳ್ಳುವುದು ಅದರ ಕೆಲಸ. ಹೊಗೆದಾರಿ ತೆರೆದಿದೆ ಎಂದು ಪ್ರೆಷರ್ ಸ್ವಿಚ್ ಖಚಿತಪಡಿಸಿದ ಮೇಲೆ ಗ್ಯಾಸ್ ಹಚ್ಚುವ ಇಗ್ನೈಟರ್ ಕೆಂಪಗೆ, ಆಮೇಲೆ ಕಿತ್ತಳೆ ಬಣ್ಣಕ್ಕೆ ಕಾಯುತ್ತದೆ. ಅರ್ಧ ನಿಮಿಷದೊಳಗೆ ಟಕ್ ಎಂದು ಗ್ಯಾಸ್ ವಾಲ್ವ್ ತೆರೆಯುವ ಶಬ್ದ. ಇಗ್ನೈಟರ್ ಪಕ್ಕದ ಬರ್ನರ್ ಹತ್ತುತ್ತದೆ, ಅಲ್ಲಿಂದ ಬೆಂಕಿ ಸಾಲಾಗಿ ಪಕ್ಕದ ಬರ್ನರ್‌ಗಳಿಗೆ ಓಡುತ್ತದೆ, ದೀಪದಿಂದ ದೀಪ ಹಚ್ಚಿದ ಹಾಗೆ. ಸೆನ್ಸರ್ ಇರುವುದು ಸಾಮಾನ್ಯವಾಗಿ ಸಾಲಿನ ಕೊನೆಯ ಬರ್ನರ್ ಮುಂದೆ. ಅಲ್ಲಿ ಬೆಂಕಿ ಇದೆ ಎಂದರೆ ನಡುವಿನ ಎಲ್ಲ ಬರ್ನರ್‌ಗಳೂ ಹತ್ತಿವೆ ಎಂದರ್ಥ.

ಸುದ್ದಿ ಮುಟ್ಟಿದರೆ ಬೆಂಕಿ ಉಳಿಯುತ್ತದೆ. ಅದಾಗಿ ಅರ್ಧ ನಿಮಿಷದ ಆಸುಪಾಸಿನಲ್ಲಿ ದೊಡ್ಡ ಬ್ಲೋವರ್ ಶುರುವಾಗಿ ಕೋಣೆಗಳಿಗೆ ಬಿಸಿಗಾಳಿ ಬರುತ್ತದೆ. ನಿಮ್ಮ ಮನೆಯಲ್ಲಿ ಬೆಂಕಿ ಅಲ್ಲಿಯವರೆಗೆ ಉಳಿಯುವುದೇ ಇಲ್ಲ. ಅದಕ್ಕೇ ಶಬ್ದವೆಲ್ಲ ಕೇಳಿಸುತ್ತದೆ, ಬಿಸಿ ಮಾತ್ರ ಬರುವುದಿಲ್ಲ.

ಇದು ಸೆನ್ಸರ್ ತೊಂದರೆನೇ ಅಂತ ಖಚಿತವಾಗಿ ಹೇಗೆ ಗೊತ್ತಾಗುತ್ತೆ?

ಸೆಕೆಂಡು ಎಣಿಸಿ. ಫೋನಿನಲ್ಲಿ ನಾನು ಮೊದಲು ಕೇಳುವುದೇ ಇದನ್ನು. ಬೆಂಕಿ ಹತ್ತಿದ ಕ್ಷಣದಿಂದ 'ಒಂದು, ಎರಡು' ಎಂದು ಎಣಿಸಿ, ಮೂರು ಸಲ ನೋಡಿ. ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ, ಅಂದರೆ ಮೂರರಿಂದ ಏಳು ಸೆಕೆಂಡಿನೊಳಗೆ, ಎಲ್ಲ ಬರ್ನರ್‌ಗಳೂ ಒಟ್ಟಿಗೆ ಆರಿದರೆ ಬೋರ್ಡಿಗೆ ಬೆಂಕಿ ಕಾಣಿಸುತ್ತಿಲ್ಲ ಎಂದು ತಿಳಿಯಿರಿ.

ಇಗ್ನೈಟರ್ ಕೆಂಪಾಗುವುದೇ ಇಲ್ಲ, ಬೆಂಕಿ ಹತ್ತುವುದೇ ಇಲ್ಲ ಎಂದರೆ ಅದು ಬೇರೆ ದಾರಿ. ಅಲ್ಲಿ ಸೆನ್ಸರ್ ಉಜ್ಜಿ ಪ್ರಯೋಜನ ಇಲ್ಲ. ಬೆಂಕಿ ಹತ್ತಿ, ಬ್ಲೋವರ್ ಶುರುವಾಗಿ, ಐದು ಹತ್ತು ನಿಮಿಷ ಉರಿದು ಆಮೇಲೆ ನಿಂತರೆ ಒಳಗೆ ಬಿಸಿ ಜಾಸ್ತಿಯಾಗಿ ಲಿಮಿಟ್ ಸ್ವಿಚ್ ಬೆಂಕಿಯನ್ನು ಆರಿಸಿರಬಹುದು. ಆಗ ಮೊದಲು ಏರ್ ಫಿಲ್ಟರ್ ನೋಡಿ. ಕಂಬಳಿಯ ಹಾಗೆ ಧೂಳು ಮೆತ್ತಿದ ಫಿಲ್ಟರ್‌ಗಳನ್ನು ನಾನು ಎಷ್ಟೋ ಮನೆಯಲ್ಲಿ ತೆಗೆದಿದ್ದೇನೆ.

ಇನ್ನೊಂದು ಲಕ್ಷಣವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೆಂಕಿ ಚೆನ್ನಾಗಿ ಉರಿಯುತ್ತಿದ್ದು, ದೊಡ್ಡ ಬ್ಲೋವರ್ ಶುರುವಾದ ಕೂಡಲೇ ಜ್ವಾಲೆ ಅಲ್ಲಾಡಿದರೆ, ಓರೆಯಾದರೆ, ಹೊರಗೆ ನುಗ್ಗಿದರೆ, ಬೆಂಕಿಯ ಬಿಸಿಯನ್ನು ಮನೆಯ ಗಾಳಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್ ಬಿರುಕು ಬಿಟ್ಟಿರಬಹುದು. ಆ ಬಿರುಕಿನಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಮನೆಯ ಗಾಳಿಗೆ ಸೇರಬಹುದು. ಫರ್ನೇಸ್ ಆಫ್ ಮಾಡಿ, ಟೆಕ್ನಿಷಿಯನ್ ಬರುವವರೆಗೆ ಹಚ್ಚಬೇಡಿ.

ಬೋರ್ಡಲ್ಲಿ ಒಂದು ಲೈಟು ಮಿಣಮಿಣ ಅಂತಿದೆ. ಅದಕ್ಕೇನಾದ್ರೂ ಅರ್ಥ ಇದೆಯಾ?

ಇದೆ. ಎಷ್ಟು ಸಲ ಮಿಣುಕಿ, ನಿಂತು, ಮತ್ತೆ ಎಷ್ಟು ಸಲ ಮಿಣುಕುತ್ತದೆ ಎಂದು ಎಣಿಸಿ. ಆ ಲೆಕ್ಕದ ಅರ್ಥ ಬಾಗಿಲಿನ ಒಳಮೈಗೆ ಅಂಟಿಸಿದ ಚೀಟಿಯಲ್ಲಿದೆ. ಕಂಪನಿಯಿಂದ ಕಂಪನಿಗೆ ಲೆಕ್ಕ ಬೇರೆ. ಆದ್ದರಿಂದ ಪಕ್ಕದ ಮನೆಯವರ ಫರ್ನೇಸಿನ ಲೆಕ್ಕ ನಿಮಗೆ ಬರುವುದಿಲ್ಲ. ಕರೆಂಟ್ ತೆಗೆಯುವ ಮೊದಲೇ ಫೋನಿನಲ್ಲಿ ಹತ್ತು ಸೆಕೆಂಡಿನ ವಿಡಿಯೋ ಮಾಡಿಟ್ಟುಕೊಳ್ಳಿ. ಕೆಲವು ಬೋರ್ಡುಗಳು ಕರೆಂಟ್ ಹೋದರೆ ಹಳೆಯದನ್ನು ಮರೆತುಬಿಡುತ್ತವೆ.

ಮೂರ್ನಾಲ್ಕು ಸಲ ಪ್ರಯತ್ನ ಮಾಡಿ ಸುಮ್ನಾಗಿಬಿಡುತ್ತೆ. ಒಂದೆರಡು ಗಂಟೆ ಆದ್ಮೇಲೆ ತಾನೇ ಶುರುವಾಗುತ್ತೆ. ತಾನಾಗೇ ಸರಿಹೋಯ್ತು ಅಂದ್ಕೊಳ್ಳಬಹುದಾ?

ಬೇಡ. ಅದಕ್ಕೆ ಲಾಕ್‌ಔಟ್ ಎನ್ನುತ್ತಾರೆ. ಕೆಲವು ಸಲ ಸೋತ ಮೇಲೆ ಬೋರ್ಡು ಹಠ ಬಿಟ್ಟು ಕಾಯುತ್ತದೆ. ಎಷ್ಟೋ ಬೋರ್ಡುಗಳಲ್ಲಿ ಒಂದು ಗಂಟೆ, ಕೆಲವದರಲ್ಲಿ ಮೂರು ಗಂಟೆ. ಆಮೇಲೆ ಮತ್ತೆ ಪ್ರಯತ್ನಿಸುತ್ತದೆ. ಸೆನ್ಸರ್ ಪೂರ್ತಿ ಕೆಡದೆ ಅಂಚಿನಲ್ಲಿದ್ದಾಗ ಒಮ್ಮೆ ಬೆಂಕಿ ಹತ್ತಿ ಉಳಿಯುತ್ತದೆ, ಇನ್ನೊಮ್ಮೆ ಉಳಿಯುವುದಿಲ್ಲ. 'ರಾತ್ರಿ ಮನೆ ತಣ್ಣಗಾಗಿತ್ತು, ಬೆಳಗ್ಗೆ ಸರಿಯಾಗಿತ್ತು' ಎಂದು ಹೇಳುವವರ ಮನೆಯಲ್ಲಿ ನಡೆದಿರುವುದು ಬಹಳ ಸಲ ಇದೇ.

ಫರ್ನೇಸ್ ಪಕ್ಕದ ಸ್ವಿಚ್ ಆಫ್ ಮಾಡಿ ಒಂದು ನಿಮಿಷ ಬಿಟ್ಟು ಆನ್ ಮಾಡಿದರೆ ಲಾಕ್‌ಔಟ್ ಬಿಡುತ್ತದೆ. ಮಕ್ಕಳು ನಡುಗುತ್ತಿದ್ದರೆ ಒಂದು ಸಲ ಹಾಗೆ ಮಾಡಿ. ಆದರೆ ಮತ್ತೆ ಮತ್ತೆ ಮಾಡುತ್ತಾ ಇರಬೇಡಿ. ಪ್ರತಿ ಸಲವೂ ಒಂದಿಷ್ಟು ಗ್ಯಾಸ್ ಒಳಗೆ ಬರುತ್ತದೆ, ಮತ್ತು ನಿಜವಾದ ತೊಂದರೆ ಹಾಗೇ ಇರುತ್ತದೆ.

ಗ್ಯಾಸ್ ಇರೋ ವಸ್ತುಗೆ ನಾನೇ ಕೈ ಹಾಕಬಹುದಾ? ಭಯ ಆಗುತ್ತೆ.

ಸೆನ್ಸರ್ ತೆಗೆಯುವುದಕ್ಕೆ ಗ್ಯಾಸ್ ಪೈಪ್ ಬಿಚ್ಚಬೇಕಿಲ್ಲ, ಬರ್ನರ್ ಮುಟ್ಟಬೇಕಿಲ್ಲ. ಒಂದು ಸ್ಕ್ರೂ, ಒಂದು ವೈರು. ಕರೆಂಟ್ ಮತ್ತು ಗ್ಯಾಸ್ ಎರಡನ್ನೂ ಬಂದ್ ಮಾಡಿ ನಿಧಾನಕ್ಕೆ ಮಾಡಿದರೆ ಮನೆಯವರೇ ಮಾಡಬಹುದಾದ ಕೆಲಸ ಇದು.

ಆದರೆ ಗ್ಯಾಸ್ ವಾಸನೆ ಬರುತ್ತಿದ್ದರೆ ಇದ್ಯಾವುದೂ ಬೇಡ. ಲೈಟ್ ಸ್ವಿಚ್ ಮುಟ್ಟದೆ ಎಲ್ಲರನ್ನೂ ಕರೆದುಕೊಂಡು ಹೊರಗೆ ಹೋಗಿ, ಹೊರಗಿನಿಂದ ಗ್ಯಾಸ್ ಕಂಪನಿಗೆ ಫೋನ್ ಮಾಡಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಗಿದರೂ ಮೊದಲು ಹೊರಗೆ ಹೋಗಿ, ಅಲ್ಲಿಂದ 911ಕ್ಕೆ ಫೋನ್ ಮಾಡಿ. ಬಾಡಿಗೆ ಮನೆಯಾದರೆ ಫರ್ನೇಸಿನ ಬಾಗಿಲು ತೆಗೆಯಬೇಡಿ, ಮನೆ ಮಾಲೀಕರಿಗೆ ಹೇಳಿ.

## ರಾಡ್ ಸ್ವಚ್ಛ ಮಾಡುವುದು

ಬಾಗಿಲು ತೆಗೆದೆ, ಎರಡು ಮೂರು ವೈರು ಕಡ್ಡಿ ಕಾಣ್ತಿವೆ. ಯಾವುದು ಸೆನ್ಸರ್?

ಒಂದೇ ಒಂದು ವೈರು ಇರುವುದು ಸೆನ್ಸರ್. ಎರಡು ವೈರು ಇರುವುದು ಇಗ್ನೈಟರ್.

ಸೆನ್ಸರ್ ಎಂದರೆ ಪೆನ್ಸಿಲಿಗಿಂತ ತೆಳುವಾದ, ಬೆರಳುದ್ದದ ಲೋಹದ ಕಡ್ಡಿ. ನೇರವಾಗಿರಬಹುದು, ಮೊಣಕೈಯಂತೆ ಬಾಗಿರಬಹುದು. ಬುಡದಲ್ಲಿ ಬಿಳಿ ಪಿಂಗಾಣಿ ಕವಚ ಇರುತ್ತದೆ. ಕವಚದ ಹಿಂದೆ ವೈರು ಸಿಕ್ಕಿಸುವ ಚಪ್ಪಟೆ ತುದಿ. ಇಗ್ನೈಟರ್ ಸಾಲಿನ ಒಂದು ತುದಿಯಲ್ಲಿದ್ದರೆ ಇದು ಮತ್ತೊಂದು ತುದಿಯಲ್ಲಿ.

ಇಗ್ನೈಟರನ್ನು ಬೆರಳಿಂದ ಮುಟ್ಟಬೇಡಿ. ಹಳೆಯ ಬೂದು ಬಣ್ಣದವು ಹಪ್ಪಳದಷ್ಟು ನಾಜೂಕು. ಸ್ಕ್ರೂ ಡ್ರೈವರ್ ತಾಗಿದರೂ ಮುರಿಯುತ್ತವೆ. ಕೆಲವು ಫರ್ನೇಸ್‌ಗಳಲ್ಲಿ ಬೇರೆ ಸೆನ್ಸರ್ ಇರುವುದೇ ಇಲ್ಲ, ಇಗ್ನೈಟರೇ ಎರಡೂ ಕೆಲಸ ಮಾಡುತ್ತದೆ. ಎಷ್ಟು ಹುಡುಕಿದರೂ ಒಂಟಿ ವೈರಿನ ಕಡ್ಡಿ ಸಿಗದಿದ್ದರೆ ಅಲ್ಲಿಗೇ ನಿಲ್ಲಿಸಿ.

ತುಂಬ ಹಳೆಯ ಫರ್ನೇಸ್‌ಗಳಲ್ಲಿ ನಂದಾದೀಪದ ಹಾಗೆ ಸದಾ ಉರಿಯುವ ಪೈಲಟ್ ಲೈಟ್ ಇರುತ್ತದೆ. ಅಲ್ಲಿರುವುದು ಥರ್ಮೋಕಪಲ್. ಅದು ಬೆಂಕಿಯ ಬಿಸಿಯಿಂದ ಕೆಲಸ ಮಾಡುತ್ತದೆ. ಅದರ ರಿಪೇರಿಯೇ ಬೇರೆ, ಈ ಪುಟ ಅದಕ್ಕಲ್ಲ.

ಮೊದಲಿಂದ ಕೊನೆವರೆಗೆ ಹೇಗೆ ಮಾಡಬೇಕು ಹೇಳಿ. ನಾನು ಯಾವತ್ತೂ ಇಂಥ ಕೆಲಸ ಮಾಡಿಲ್ಲ.

ಬೇಕಾದ್ದು ಕಾಲು ಇಂಚಿನ ನಟ್ ಡ್ರೈವರ್, ಒಂದು ಟಾರ್ಚ್, ಸ್ವಲ್ಪ ನಯವಾದ ಸ್ಟೀಲ್ ವೂಲ್, ಒಂದು ಒಣ ಪೇಪರ್ ಟವೆಲ್. ಕೆಲವು ಫರ್ನೇಸಿನ ಸ್ಕ್ರೂ ತಲೆ ಐದು ಬೈ ಹದಿನಾರು ಇಂಚು ಇರುತ್ತದೆ. ಎರಡೂ ಅಳತೆಯದ್ದು ಇದ್ದರೆ ಒಳ್ಳೆಯದು.

ಥರ್ಮೋಸ್ಟಾಟ್ ಆಫ್ ಮಾಡಿ. ಫರ್ನೇಸಿನ ಮೈಮೇಲೋ ಪಕ್ಕದ ಗೋಡೆಯಲ್ಲೋ ಲೈಟ್ ಸ್ವಿಚ್ಚಿನ ಹಾಗೆಯೇ ಕಾಣುವ ಸ್ವಿಚ್ ಇರುತ್ತದೆ, ಅದನ್ನು ಆಫ್ ಮಾಡಿ. ಗ್ಯಾಸ್ ಪೈಪಿನ ಮೇಲಿನ ಹಿಡಿಕೆಯನ್ನು ಪೈಪಿಗೆ ಅಡ್ಡ ಬರುವಂತೆ ತಿರುಗಿಸಿ. ಪೈಪಿನ ಉದ್ದಕ್ಕೇ ಇದ್ದರೆ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ. ಈಗಷ್ಟೇ ಉರಿದಿದ್ದರೆ ಹತ್ತು ನಿಮಿಷ ಆರಲು ಬಿಡಿ.

ಬಾಗಿಲನ್ನು ಮೇಲಕ್ಕೆತ್ತಿ ಮುಂದಕ್ಕೆ ಎಳೆದರೆ ಬರುತ್ತದೆ. ಏನನ್ನೂ ಬಿಚ್ಚುವ ಮೊದಲು ಒಂದು ಫೋಟೋ ತೆಗೆಯಿರಿ. ಸೆನ್ಸರಿನ ವೈರನ್ನು ತುದಿಯ ಲೋಹದ ಭಾಗ ಹಿಡಿದು ಎಳೆಯಿರಿ, ವೈರ್ ಹಿಡಿದು ಜಗ್ಗಬೇಡಿ. ಸ್ಕ್ರೂ ಬಿಚ್ಚುವಾಗ ಇನ್ನೊಂದು ಕೈಯನ್ನು ಕೆಳಗೆ ಹಿಡಿಯಿರಿ. ಆ ಸಣ್ಣ ಸ್ಕ್ರೂ ಬರ್ನರ್ ಕೆಳಗೆ ಬಿದ್ದರೆ ಹುಡುಕುವುದೇ ಒಂದು ಗಂಟೆ ಕೆಲಸ. ಈಗ ರಾಡನ್ನು ಬಂದ ದಾರಿಯಲ್ಲೇ ನೇರವಾಗಿ ಹೊರಗೆ ಎಳೆಯಿರಿ. ಬಗ್ಗಿಸಬೇಡಿ. ಅದು ಬಾಗಿರುವ ರೀತಿಯೇ ಅದನ್ನು ಬೆಂಕಿಯ ನಡುವೆ ನಿಲ್ಲಿಸುವುದು.

ಲೋಹದ ಭಾಗವನ್ನು ಮಾತ್ರ ಸ್ಟೀಲ್ ವೂಲಿನಲ್ಲಿ ಹಿಡಿದು, ತಿರುಗಿಸುತ್ತಾ ಮೇಲೆ ಕೆಳಗೆ ಉಜ್ಜಿ. ಒತ್ತಡ ಬೇಡ. ಅರ್ಧ ನಿಮಿಷ ಸಾಕು. ಮಸುಕು ಹೋಗಿ ಒಂದೇ ಸಮನಾದ ಲೋಹದ ಬಣ್ಣ ಬರುತ್ತದೆ. ಹೊಸ ಚಮಚದ ಹೊಳಪು ಬರಬೇಕೆಂದೇನಿಲ್ಲ. ಒಣ ಪೇಪರಿನಿಂದ ಒರೆಸಿ, ಸ್ಟೀಲ್ ವೂಲಿನ ಎಳೆ ಒಂದೂ ಅಂಟಿರದಂತೆ ನೋಡಿ.

ಮತ್ತೆ ಕೂರಿಸುವ ಮೊದಲು ಟಾರ್ಚ್ ಹಿಡಿದು ಪಿಂಗಾಣಿಯನ್ನು ಸುತ್ತಲೂ ನೋಡಿ. ಕೂದಲೆಳೆಯ ಬಿರುಕು ಇದ್ದರೂ ಹೊಸ ಸೆನ್ಸರೇ ಬೇಕು. ಸರಿಯಿದ್ದರೆ ಕೂರಿಸಿ, ಸ್ಕ್ರೂ ಬಿಗಿ ಮಾಡಿ. ಪಿಂಗಾಣಿ ಒಡೆಯುವಷ್ಟು ಬಿಗಿ ಬೇಡ. ವೈರನ್ನು ಗಟ್ಟಿಯಾಗಿ ಸಿಕ್ಕಿಸಿ. ಬಾಗಿಲನ್ನು ಸರಿಯಾಗಿ ಮುಚ್ಚಿ. ಬಾಗಿಲಿನ ಹಿಂದೆ ಒಂದು ಸೇಫ್ಟಿ ಸ್ವಿಚ್ ಇರುತ್ತದೆ, ಅದು ಒತ್ತಿಕೊಳ್ಳದಿದ್ದರೆ ಫರ್ನೇಸಿಗೆ ಕರೆಂಟೇ ಬರುವುದಿಲ್ಲ. ಆಮೇಲೆ ಗ್ಯಾಸ್, ಸ್ವಿಚ್, ಥರ್ಮೋಸ್ಟಾಟ್. ಕಿಂಡಿಯಲ್ಲಿ ನೋಡುತ್ತಾ ಮತ್ತೆ ಸೆಕೆಂಡು ಎಣಿಸಿ. ಹತ್ತು ದಾಟಿ, ಬ್ಲೋವರ್ ಶುರುವಾಗಿ, ಬಿಸಿಗಾಳಿ ಬಂದರೂ ಎದ್ದು ಹೋಗಬೇಡಿ. ಥರ್ಮೋಸ್ಟಾಟ್ ಇಳಿಸಿ ಆರಿಸಿ, ಏರಿಸಿ ಹಚ್ಚಿ, ಹೀಗೆ ಇನ್ನೆರಡು ಸಲ ನೋಡಿ.

ಸ್ಟೀಲ್ ವೂಲ್ ಇಲ್ಲ. ಸ್ಯಾಂಡ್‌ಪೇಪರ್ ಆಗಲ್ವಾ? ಇಲ್ಲಾಂದ್ರೆ ಪಾತ್ರೆ ತೊಳೆಯೋ ಸೋಪ್ ಹಾಕಿ ತೊಳೆದ್ರೆ?

ಒರಟು ಸ್ಯಾಂಡ್‌ಪೇಪರ್ ಬೇಡ. ಅದು ರಾಡಿನ ಮೈಮೇಲೆ ಗೀರು ಮಾಡುತ್ತದೆ. ಆ ಗೀರುಗಳಲ್ಲಿ ಮುಂದಿನ ಕೊಳೆ ಬೇಗ ಹಿಡಿಯುತ್ತದೆ, ತೆಗೆಯುವುದೂ ಕಷ್ಟ. ಪಾತ್ರೆ ಉಜ್ಜುವ ಹಸಿರು ನಾರು, ಸೋಪು ತಾಗದ ಹೊಸದು, ಚೆನ್ನಾಗಿ ಕೆಲಸ ಮಾಡುತ್ತದೆ. ಏನೂ ಸಿಗದಿದ್ದರೆ ಗರಿಗರಿಯಾದ ಒಂದು ಡಾಲರ್ ನೋಟನ್ನು ಮಡಚಿ ಅದರಲ್ಲಿ ಉಜ್ಜುವುದು ನಮ್ಮ ಕಸುಬಿನವರ ಹಳೆಯ ಉಪಾಯ. ತೆಳು ಕೊಳೆಗೆ ಅಷ್ಟೇ ಸಾಕು.

ಸೋಪು, ನೀರು, ಎಣ್ಣೆ, ಸ್ಪ್ರೇ ಯಾವುದೂ ಬೇಡ. ಅದರ ಶೇಷ ಬೆಂಕಿಯಲ್ಲಿ ಸುಟ್ಟು ಹೊಸ ಪದರವಾಗುತ್ತದೆ. ಸೋಪು ತುಂಬಿಸಿ ಮಾರುವ ಸ್ಟೀಲ್ ವೂಲ್ ಕೂಡ ಅದೇ ಕಾರಣಕ್ಕೆ ಬೇಡ.

ತೆಗೆದು ನೋಡಿದ್ರೆ ರಾಡ್ ಚೆನ್ನಾಗೇ ಇದೆ, ಕೊಳೆನೇ ಇಲ್ಲ. ಆದ್ರೂ ಉಜ್ಜಬೇಕಾ?

ಉಜ್ಜಿ. ರಾಡ್ ಬೋರ್ಡಿಗೆ ಕಳಿಸುವ ಸುದ್ದಿ ಎಂದರೆ ಒಂದು ಸಣ್ಣ ಕರೆಂಟ್. ಅದನ್ನು ತಡೆಯುವ ಪದರ ಕಣ್ಣಿಗೆ ಕಾಣುವಷ್ಟು ದಪ್ಪ ಇರಬೇಕಾಗಿಲ್ಲ. ಕಪ್ಪು ಮಸಿ ಇದ್ದರೆ ಅದು ಬೇರೆ ಸುದ್ದಿ. ಮಸಿ ಎಂದರೆ ಗ್ಯಾಸ್ ಸರಿಯಾಗಿ ಉರಿಯುತ್ತಿಲ್ಲ. ಒಳ್ಳೆಯ ಜ್ವಾಲೆ ನೀಲಿ ಇರುತ್ತದೆ. ಹಳದಿ, ಸೋಮಾರಿ ಜ್ವಾಲೆ ಕಂಡರೆ ರಾಡ್ ಉಜ್ಜಿ ಸುಮ್ಮನಾಗಬೇಡಿ, ಟೆಕ್ನಿಷಿಯನ್ ಕರೆಸಿ.

ಉಜ್ಜಿದ್ಮೇಲೆ ಸರಿಹೋಗುತ್ತೆ, ಮೂರು ವಾರಕ್ಕೆ ಮತ್ತೆ ಶುರು. ಎಷ್ಟು ಸಲ ಉಜ್ಜೋದು?

ವರ್ಷಕ್ಕೊಮ್ಮೆ, ಅಕ್ಟೋಬರಿನಲ್ಲಿ, ಚಳಿ ಬೀಳುವ ಮೊದಲು ಉಜ್ಜಿದರೆ ಸಾಕಾಗಬೇಕು. ಮೂರು ವಾರಕ್ಕೆ ಮತ್ತೆ ಬಂದರೆ ರಾಡಿಗೆ ಏನೋ ಅಂಟುತ್ತಿದೆ ಎಂದರ್ಥ. ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕು.

ಒಂದು ಮನೆಯ ವಿಷಯ ಹೇಳುತ್ತೇನೆ. ಜನವರಿ, ಹೊರಗೆ ಮೈನಸ್ 22 ಡಿಗ್ರಿ ಸೆಲ್ಸಿಯಸ್. ಶಿವಮೊಗ್ಗ ಕಡೆಯ ದಂಪತಿ, ಮನೆಯಲ್ಲಿ ಮೂರು ತಿಂಗಳ ಮಗು. ಆ ಚಳಿಗಾಲದಲ್ಲಿ ಅವರ ರಾಡ್ ಉಜ್ಜಿದ್ದು ಅದು ಮೂರನೇ ಸಲ. ನಾನು ತೆಗೆದಾಗ ರಾಡಿನ ಮೇಲೆ ಬಿಳಿ ಪುಡಿಯಂಥ, ಉಗುರಿಗೆ ಗರಗರ ಎನ್ನುವ ಪದರ ಇತ್ತು. ಹಲ್ಲುಪುಡಿ ಮೆತ್ತಿದ ಹಾಗೆ. ರಾಡಿನ ಕರೆಂಟಿಗೆ ಮೀಟರ್ ಹಾಕಿದರೆ ಬೋರ್ಡು ನಂಬಲಾರದಷ್ಟು ಕಡಿಮೆ, 0.3 ಮೈಕ್ರೋ ಆಂಪ್. ಉಜ್ಜಿದ ಮೇಲೆ 3.1.

ಸುತ್ತಲೂ ನೋಡಿದೆ. ಅದು ಕೋಣೆಯ ಗಾಳಿಯನ್ನೇ ಎಳೆದುಕೊಂಡು ಉರಿಯುವ ಹಳೆಯ ಬಗೆಯ ಫರ್ನೇಸ್. ಅದರಿಂದ ಮೂರು ಅಡಿ ದೂರದಲ್ಲಿ ಬಟ್ಟೆ ಒಣಗಿಸುವ ಡ್ರೈಯರ್. ಡ್ರೈಯರಿನ ಹಿಂದಿನ ಹೊಗೆಕೊಳವೆ ಜಾರಿ, ಮಗುವಿನ ಬಟ್ಟೆಗೆ ಹಾಕಿದ ಡ್ರೈಯರ್ ಶೀಟುಗಳ ಘಮ ಎಲ್ಲ ಕೋಣೆಯಲ್ಲೇ ತುಂಬುತ್ತಿತ್ತು. ಸಾಲದ್ದಕ್ಕೆ ಬೇಸ್‌ಮೆಂಟಿನಲ್ಲಿ ಹೊಸ ಬಾತ್‌ರೂಮಿನ ಕೆಲಸ ನಡೆಯುತ್ತಿತ್ತು. ಗೋಡೆ ಉಜ್ಜಿದ ಧೂಳು, ಸಿಲಿಕೋನ್ ಸೀಲೆಂಟ್. ಸಿಲಿಕೋನ್ ಇರುವ ಆವಿ ಬೆಂಕಿಗೆ ಹೋದರೆ ಸುಟ್ಟು ಸಿಲಿಕಾ ಆಗುತ್ತದೆ, ಅಂದರೆ ಸಣ್ಣ ಗಾಜಿನ ಪುಡಿ. ಗಾಜಿನ ಮೂಲಕ ಕರೆಂಟ್ ಹರಿಯುವುದಿಲ್ಲ ಅಲ್ವಾ? ಹೇರ್ ಸ್ಪ್ರೇ, ಕೆಲವು ಪಾಲಿಷ್‌ಗಳಲ್ಲೂ ಸಿಲಿಕೋನ್ ಇರುತ್ತದೆ.

ಡ್ರೈಯರಿನ ಕೊಳವೆ ಸರಿಯಾಗಿ ಕೂರಿಸಿದೆವು, ಕೆಲಸ ಮುಗಿಯುವವರೆಗೆ ಫರ್ನೇಸ್ ಕೋಣೆಯ ಬಾಗಿಲಿನ ಸಂದಿಗೆ ಪಟ್ಟಿ ಹಾಕಿ ಧೂಳು ಬಾರದಂತೆ ಮಾಡಿದೆವು. ಉರಿಯಲು ಗಾಳಿ ಬರುವ ಕಿಂಡಿಗಳನ್ನು ಮುಚ್ಚಲಿಲ್ಲ. ಅದನ್ನು ಯಾರೂ ಮುಚ್ಚಬಾರದು. ಆ ರಾಡ್ ಮತ್ತೆ ಉಜ್ಜಿದ್ದು ಮುಂದಿನ ಅಕ್ಟೋಬರಿನಲ್ಲಿ.

ಹೊರಗಿನಿಂದ ಬಿಳಿ ಪ್ಲಾಸ್ಟಿಕ್ ಪೈಪಿನಲ್ಲಿ ಗಾಳಿ ತರುವ ಹೊಸ ಫರ್ನೇಸ್ ನಿಮ್ಮದಾದರೆ ಮನೆಯೊಳಗಿನ ಗಾಳಿಯನ್ನು ಅನುಮಾನಿಸಬೇಡಿ. ಡ್ರೈಯರಿನ ಗಾಳಿ ಹೊರಗೆ ಬೀಳುವ ಜಾಗವೂ ಆ ಪೈಪಿನ ಬಾಯಿಯೂ ಹತ್ತಿರ ಇವೆಯಾ ಎಂದು ನೋಡಿ.

## ಇನ್ನೂ ಸ್ವಲ್ಪ ಆಳಕ್ಕೆ

ಬರೀ ಒಂದು ಕಡ್ಡಿ ಬೆಂಕಿ ಇದೆ ಅಂತ ಹೇಗೆ ಕಂಡುಹಿಡಿಯುತ್ತೆ? ಬಿಸಿಯಿಂದಾನಾ?

ಬಿಸಿಯಿಂದ ಅಲ್ಲ. ಬೆಂಕಿಯ ಮೂಲಕ ಕರೆಂಟ್ ಹರಿಯುತ್ತದೆ. ಈ ಸಂಗತಿ ನನಗೆ ಇವತ್ತಿಗೂ ಸೊಗಸು ಅನಿಸುತ್ತದೆ.

ಜ್ವಾಲೆಯೊಳಗೆ ಗ್ಯಾಸಿನ ಕಣಗಳು ಒಡೆದು ಅಯಾನುಗಳಾಗಿರುತ್ತವೆ. ಹಾಗಾಗಿ ಜ್ವಾಲೆ ಒಂದು ಕೆಟ್ಟ ತಂತಿಯ ಹಾಗೆ ಸ್ವಲ್ಪ ಕರೆಂಟ್ ಹರಿಯಲು ಬಿಡುತ್ತದೆ. ಬೋರ್ಡು ರಾಡಿಗೆ ಎಸಿ ಕೊಡುತ್ತದೆ. ಎಸಿ ಎಂದರೆ ಹೋಗಿ ಬರುವ ಕರೆಂಟ್. ಆದರೆ ಇಲ್ಲಿ ಒಂದು ಕಡೆ ತೆಳ್ಳಗಿನ ರಾಡ್, ಇನ್ನೊಂದು ಕಡೆ ಅದಕ್ಕಿಂತ ಎಷ್ಟೋ ದೊಡ್ಡದಾದ ಬರ್ನರ್ ಲೋಹ. ಈ ಅಳತೆಯ ವ್ಯತ್ಯಾಸದಿಂದ ಕರೆಂಟ್ ಒಂದು ದಿಕ್ಕಿಗೆ ಜಾಸ್ತಿ, ಇನ್ನೊಂದು ದಿಕ್ಕಿಗೆ ಕಡಿಮೆ ಹರಿಯುತ್ತದೆ. ಉಳಿಯುವುದು ಸಣ್ಣದೊಂದು ಡಿಸಿ ಕರೆಂಟ್. ಬೋರ್ಡು ಹುಡುಕುವುದು ಆ ಡಿಸಿಯನ್ನು.

ಎಸಿಯನ್ನೇ ಏಕೆ ನೋಡಬಾರದು? ಸೆನ್ಸರ್ ವೈರು ಎಲ್ಲೋ ತಗಡಿಗೆ ತಾಗಿ ಶಾರ್ಟ್ ಆದರೂ ಎಸಿ ಹರಿಯುತ್ತದೆ. ಆಗ ಬೆಂಕಿ ಇಲ್ಲದಿದ್ದರೂ ಇದೆ ಎಂದು ಬೋರ್ಡು ಮೋಸ ಹೋಗುತ್ತಿತ್ತು. ಶಾರ್ಟ್ ಆದ ವೈರು ಡಿಸಿ ಮಾಡಲಾರದು, ಬೆಂಕಿ ಮಾತ್ರ ಮಾಡಬಲ್ಲದು. ಹಾಗಾಗಿ ಏನೇ ಕೆಟ್ಟರೂ ಗ್ಯಾಸ್ ಮುಚ್ಚುವ ಕಡೆಗೇ ಕೆಡುತ್ತದೆ.

ನನ್ನ ಹತ್ರ ಮಲ್ಟಿಮೀಟರ್ ಇದೆ. ಈ ಕರೆಂಟನ್ನ ನಾನೇ ಅಳೀಬಹುದಾ?

ಮೀಟರಿನಲ್ಲಿ ಡಿಸಿ ಮೈಕ್ರೋ ಆಂಪ್ ಅಳೆಯುವ ಜಾಗ, `µA` ಎಂಬ ಗುರುತು, ಇರಬೇಕು. ಬರೀ ಮಿಲಿ ಆಂಪ್ ಇದ್ದರೆ ಸಾಲದು. ಕರೆಂಟ್ ಆಫ್ ಮಾಡಿ ಸೆನ್ಸರಿನ ವೈರು ತೆಗೆಯಿರಿ. ಮೀಟರಿನ ಒಂದು ತಂತಿ ಆ ವೈರಿಗೆ, ಇನ್ನೊಂದು ರಾಡಿನ ತುದಿಗೆ. ಕರೆಂಟ್ ಮೀಟರ್ ದಾಟಿಯೇ ಹೋಗಬೇಕು. ಕ್ಲಿಪ್ ಇರುವ ತಂತಿ ಬಳಸಿ, ಕೈಯಲ್ಲಿ ಹಿಡಿಯಬೇಡಿ. ಕ್ಲಿಪ್ ತಗಡಿಗೆ ತಾಗದಿರಲಿ. ಆಮೇಲೆ ಫರ್ನೇಸ್ ಹಚ್ಚಿ.

ಬೆಂಕಿ ಹತ್ತಿದ ಮೇಲೆ ಬರುವ ಅಂಕಿ ನೋಡಿ. ಮೈನಸ್ ಬಂದರೆ ತಂತಿ ಅದಲುಬದಲಾಗಿದೆ ಅಷ್ಟೇ, ಅಂಕಿ ಅದೇ. ಸಾಮಾನ್ಯವಾಗಿ 1ರಿಂದ 6ರವರೆಗೆ ಇರುತ್ತದೆ. ಅರ್ಧ ಮೈಕ್ರೋ ಆಂಪಿನ ಹತ್ತಿರ ಬಂದರೆ ಹೆಚ್ಚಿನ ಬೋರ್ಡುಗಳು ಕೈಬಿಡುತ್ತವೆ. ನಿಮ್ಮ ಫರ್ನೇಸಿನ ನಿಖರ ಮಿತಿ ಅದರ ಕೈಪಿಡಿಯಲ್ಲಿದೆ. ಉಜ್ಜುವ ಮೊದಲಿನ ಮತ್ತು ನಂತರದ ಅಂಕಿಯನ್ನು ತಾರೀಖಿನ ಜೊತೆ ಬಾಗಿಲಿನ ಒಳಗೆ ಬರೆದಿಡಿ. ಮುಂದಿನ ವರ್ಷ ಅದು ತುಂಬ ಉಪಯೋಗಕ್ಕೆ ಬರುತ್ತದೆ.

ಒಂದು ಎಚ್ಚರಿಕೆ. ಬಾಗಿಲು ತೆಗೆದು ಅಳೆಯಬೇಕಾದರೆ ಬಾಗಿಲಿನ ಸೇಫ್ಟಿ ಸ್ವಿಚ್ ಒತ್ತಿ ಹಿಡಿಯಬೇಕಾಗುತ್ತದೆ. ಆಗ ಒಳಗೆ 120 ವೋಲ್ಟ್ ಬಯಲಲ್ಲಿರುತ್ತದೆ. ಕರೆಂಟ್ ಕೆಲಸ ಮಾಡಿ ರೂಢಿ ಇಲ್ಲದವರು ಈ ಅಳತೆಯನ್ನು ಬಿಟ್ಟುಬಿಡಿ.

ಉಜ್ಜಿದೆ, ಹೊಸ ಸೆನ್ಸರ್ ಕೂಡ ತಂದು ಹಾಕಿದೆ. ಆದ್ರೂ ಐದು ಸೆಕೆಂಡಿಗೆ ಆರುತ್ತೆ. ಬೋರ್ಡ್ ಹೋಗಿದೆಯಾ?

ಬೋರ್ಡನ್ನು ಕೊನೆಗೆ ಅನುಮಾನಿಸಿ. ರಾಡಿನಿಂದ ಹೊರಟ ಕರೆಂಟ್ ಬೆಂಕಿ ದಾಟಿ, ಬರ್ನರ್ ಮುಟ್ಟಿ, ಫರ್ನೇಸಿನ ತಗಡಿನ ಮೂಲಕ ಬೋರ್ಡಿಗೆ ವಾಪಸ್ ಬರಬೇಕು. ಎಲ್ಲರೂ ಹೋಗುವ ದಾರಿಯನ್ನೇ ಉಜ್ಜುತ್ತಾರೆ. ಬರುವ ದಾರಿಯನ್ನು ಯಾರೂ ನೋಡುವುದಿಲ್ಲ.

ಒಂದು ಮನೆಯಲ್ಲಿ ಹೀಗೇ ಆಗಿತ್ತು. ಮನೆಯವರು ಹೊಸ ಸೆನ್ಸರ್ ಹಾಕಿದ್ದರು, ಬೋರ್ಡಿಗೂ ಆರ್ಡರ್ ಮಾಡುವವರಿದ್ದರು. ಮೀಟರಿನಲ್ಲಿ ಹೆಚ್ಚುಕಡಿಮೆ ಸೊನ್ನೆ. ಬೆಂಕಿ ನೀಲಿಯಾಗಿ, ರಾಡನ್ನು ಚೆನ್ನಾಗಿ ಸುತ್ತಿಕೊಂಡಿತ್ತು. ಪಿಂಗಾಣಿ ಹೊಸದು. ವೈರು ತುಂಡಾಗಿರಲಿಲ್ಲ. 'ಇತ್ತೀಚೆಗೆ ಕರೆಂಟ್ ಕೆಲಸ ಏನಾದರೂ ಮಾಡಿಸಿದ್ದೀರಾ' ಎಂದು ಕೇಳಿದೆ. ಎರಡು ವಾರದ ಹಿಂದೆ ಫರ್ನೇಸಿನ ಪಕ್ಕದ ಸ್ವಿಚ್ ಬದಲಾಯಿಸಿದ್ದರಂತೆ. ತೊಂದರೆ ಶುರುವಾದದ್ದೂ ಆಗಲೇ. ಬೋರ್ಡಿನ ನ್ಯೂಟ್ರಲ್ ಜಾಗದಿಂದ ಗ್ರೌಂಡಿಗೆ ಅಳೆದರೆ ಸೊನ್ನೆಯ ಹತ್ತಿರ ಇರಬೇಕಿತ್ತು, 120 ವೋಲ್ಟ್ ತೋರಿಸಿತು. ಸ್ವಿಚ್ ಪೆಟ್ಟಿಗೆಯಲ್ಲಿ ಕರೆಂಟ್ ತರುವ ಕಪ್ಪು ವೈರೂ ನ್ಯೂಟ್ರಲ್ ಆದ ಬಿಳಿ ವೈರೂ ಅದಲುಬದಲಾಗಿದ್ದವು. ಸರಿಮಾಡಿದ ಮೇಲೆ 2.8 ಮೈಕ್ರೋ ಆಂಪ್, ಬೆಂಕಿ ಆರದೆ ಉಳಿಯಿತು. ಕೆಲವು ಬೋರ್ಡುಗಳು ಈ ತಪ್ಪಿಗೂ ಬೇರೆ ಮಿಣುಕು ಲೆಕ್ಕ ತೋರಿಸುತ್ತವೆ. ಅದಕ್ಕೇ ಲೈಟ್ ಎಣಿಸಿ ಎಂದು ಹೇಳುವುದು.

ಗ್ರೌಂಡ್ ವೈರು ಸಡಿಲವಾಗಿದ್ದರೂ, ಬರ್ನರ್ ಕೂರಿಸಿದ ಸ್ಕ್ರೂಗಳ ಬುಡ ತುಕ್ಕು ಹಿಡಿದಿದ್ದರೂ ಇದೇ ಆಗುತ್ತದೆ. ಇನ್ನೊಂದು ಸಾಧ್ಯತೆ ಬೆಂಕಿಯದೇ. ಬರ್ನರಿನಿಂದ ಬರ್ನರಿಗೆ ಬೆಂಕಿ ಓಡುವ ಸಂದಿಯಲ್ಲಿ ತುಕ್ಕು ಅಥವಾ ಜೇಡರ ಬಲೆ ಸಿಕ್ಕಿಕೊಂಡರೆ ಕೊನೆಯ ಬರ್ನರ್ ಹತ್ತುವುದೇ ಇಲ್ಲ. ಆಗ ಸೆನ್ಸರ್ ನಿಜವನ್ನೇ ಹೇಳುತ್ತಿದೆ, ಅಲ್ಲಿ ಬೆಂಕಿ ಇಲ್ಲ. ಕಿಂಡಿಯಲ್ಲಿ ನೋಡುವಾಗ ಕೊನೆಯ ಬರ್ನರನ್ನು ತಪ್ಪದೆ ನೋಡಿ. ಬರ್ನರ್ ಬಿಚ್ಚುವುದು, ಗ್ಯಾಸ್ ಪ್ರೆಷರ್ ಸರಿ ಮಾಡುವುದು ಮನೆಯವರ ಕೆಲಸ ಅಲ್ಲ.

ಕರೆಂಟ್ ಹೋದಾಗ ಸಣ್ಣ ಜನರೇಟರ್‌ಗೆ ಫರ್ನೇಸ್ ಹಾಕಿದೆ. ಹತ್ತಿ ಆರುತ್ತೆ. ಮನೆ ಕರೆಂಟ್ ಬಂದ್ರೆ ಸರಿ ಇರುತ್ತೆ. ಯಾಕೆ?

ಎಷ್ಟೋ ಸಣ್ಣ ಜನರೇಟರ್‌ಗಳಲ್ಲಿ ನ್ಯೂಟ್ರಲ್ಲನ್ನು ಗ್ರೌಂಡಿಗೆ ಕೂಡಿಸಿರುವುದಿಲ್ಲ. ಮನೆಯ ಪ್ಯಾನೆಲ್ಲಿನಲ್ಲಿ ಅದು ಕೂಡಿರುತ್ತದೆ. ಫರ್ನೇಸನ್ನು ನೇರವಾಗಿ ಜನರೇಟರ್‌ಗೆ ಸಿಕ್ಕಿಸಿದಾಗ ಸೆನ್ಸರ್ ಕರೆಂಟಿಗೆ ವಾಪಸ್ ಬರುವ ದಾರಿ ಸಿಗುವುದಿಲ್ಲ. ರಾಡ್ ಎಷ್ಟು ಉಜ್ಜಿದರೂ ಪ್ರಯೋಜನ ಇಲ್ಲ. ಇದಕ್ಕೆ ಸರಿಯಾದ ಜೋಡಣೆ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಜನರೇಟರನ್ನು ಗ್ಯಾರೇಜಿನಲ್ಲೂ ಇಡಬೇಡಿ. ಅದರ ಹೊಗೆ ಮನೆಯೊಳಗೆ ಬರುತ್ತದೆ.

ಊರಲ್ಲಿ ಅಮ್ಮನ ಮನೆ ಗ್ಯಾಸ್ ಗೀಸರ್ ಕೂಡ ಹೀಗೇ ಹತ್ತಿ ಆರುತ್ತಂತೆ. ಅದೂ ಇದೇನಾ?

ಇರಬಹುದು. ಬ್ಯಾಟರಿ ಹಾಕುವ ಗ್ಯಾಸ್ ಗೀಸರ್‌ಗಳಲ್ಲಿ ಬರ್ನರ್ ಮುಂದೆ ಎರಡು ಕಡ್ಡಿ ಇರುತ್ತವೆ. ಒಂದು ಟಕಟಕ ಕಿಡಿ ಹಾರಿಸುತ್ತದೆ, ಇನ್ನೊಂದು ಬೆಂಕಿ ಇದೆಯಾ ಎಂದು ನೋಡುತ್ತದೆ. ಎರಡನೆಯದಕ್ಕೆ ಕೊಳೆ ಹಿಡಿದರೆ ಇದೇ ಕಥೆ. ಆದರೆ ಅಲ್ಲಿ ಮೊದಲು ಬ್ಯಾಟರಿ ಬದಲಾಯಿಸಿ ನೋಡಲು ಹೇಳಿ, ಆಮೇಲೆ ಸಿಲಿಂಡರ್ ಖಾಲಿಯಾಗುತ್ತಾ ಬಂದಿದೆಯಾ ಎಂದು ನೋಡಲಿ. ಎರಡೂ ಸರಿಯಿದ್ದರೆ ರಿಪೇರಿಯವರನ್ನು ಕರೆಸಿ ಆ ಕಡ್ಡಿ ಉಜ್ಜಿಸಲಿ.

ಜೊತೆಗೆ ಅಮ್ಮನಿಗೆ ಇನ್ನೊಂದು ಮಾತು ಕೇಳಿ. ಗೀಸರ್ ಬಾತ್‌ರೂಮಿನ ಒಳಗೇ ಇದೆಯಾ, ಕಿಟಕಿ ಮುಚ್ಚಿ ಸ್ನಾನ ಮಾಡುತ್ತಾರಾ? ಹೌದು ಎಂದರೆ ಕಡ್ಡಿಯ ಮಾತು ಆಮೇಲೆ. ಮೊದಲು ಆ ಗೀಸರನ್ನು ಹೊರಗೆ, ಗಾಳಿಯಾಡುವ ಜಾಗಕ್ಕೆ ಹಾಕಿಸಿ.